ಬಿಲ್ ಬುಕ್ಕಿನ ತಲೆಬರಹ: ಇನ್‌ವಾಯ್ಸ್, ರಸೀದಿ, ಬಿಲ್ ಆಫ್ ಸಪ್ಲೈ

(ಸಣ್ಣ ವ್ಯಾಪಾರಿಗಳ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ)

ನಿಮ್ಮಲ್ಲಿ ಹೆಚ್ಚಿನವರು ಬಿಲ್ ಬುಕ್ ತಂದಿದ್ದೀರಿ. ಅದನ್ನು ತೆರೆದು, ಹಾಳೆಯ ತಲೆಯಲ್ಲಿ ದಪ್ಪ ಅಕ್ಷರದಲ್ಲಿ ಏನು ಅಚ್ಚಾಗಿದೆ ಅಂತ ಒಮ್ಮೆ ನೋಡಿ. ಕೆಲವರದ್ದರಲ್ಲಿ ‘ಟ್ಯಾಕ್ಸ್ ಇನ್‌ವಾಯ್ಸ್’ ಅಂತ ಇರುತ್ತದೆ. ಕೆಲವರದ್ದರಲ್ಲಿ ‘ಬಿಲ್ ಆಫ್ ಸಪ್ಲೈ’. ಇನ್ನು ಕೆಲವರದ್ದರಲ್ಲಿ ಬರೀ ‘ಕ್ಯಾಶ್ ಬಿಲ್’. ಈಗ ನನ್ನ ಪ್ರಶ್ನೆ. ಆ ತಲೆಬರಹವನ್ನು ನೀವು ಹೇಳಿ ಹಾಕಿಸಿದ್ದೋ, ಪ್ರಿಂಟಿಂಗ್ ಪ್ರೆಸ್ಸಿನವರೇ ಹಾಕಿಕೊಟ್ಟಿದ್ದೋ?

ನಾನು ಅಂಗಡಿಗಳ ಲೆಕ್ಕ ಬರೆಯುವವನು. ಈ ಪ್ರಶ್ನೆ ಕೇಳಿದಾಗಲೆಲ್ಲ ‘ಪ್ರೆಸ್ಸಿನವರ ಹತ್ತಿರ ಒಂದು ಮಾದರಿ ಇತ್ತು, ಹಾಗೇ ಮಾಡಿಸಿದೆ’ ಅನ್ನುವ ಉತ್ತರವೇ ಜಾಸ್ತಿ. ನಮ್ಮ ಬಾಯಿಮಾತಿನಲ್ಲಿ ಎಲ್ಲವೂ ‘ಬಿಲ್’ ಅಲ್ವಾ? ಮಾಲು ಕೊಟ್ಟಾಗ ಬರೆಯುವುದೂ ಬಿಲ್, ದುಡ್ಡು ಬಂದಾಗ ಹರಿದು ಕೊಡುವುದೂ ಬಿಲ್. ಮಾತಿನಲ್ಲಿ ಅದು ನಡೆಯುತ್ತದೆ. ಜಿಎಸ್‌ಟಿ ಕಾನೂನಿನಲ್ಲಿ ನಡೆಯುವುದಿಲ್ಲ. 2017ರ ಜುಲೈ 1ರಿಂದ ಟ್ಯಾಕ್ಸ್ ಇನ್‌ವಾಯ್ಸ್, ಬಿಲ್ ಆಫ್ ಸಪ್ಲೈ, ರಸೀದಿ ಮೂರೂ ಬೇರೆ ಬೇರೆ ಕಾಗದಗಳು.

ಮೊದಲು ಮೂರರ ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಟ್ಯಾಕ್ಸ್ ಇನ್‌ವಾಯ್ಸ್ ಅಂದರೆ ‘ಈ ಮಾಲು ಮಾರಿದ್ದೇನೆ, ಬೆಲೆ ಇಷ್ಟು, ಅದರ ಮೇಲೆ ಇಷ್ಟು ತೆರಿಗೆ ಹಾಕಿದ್ದೇನೆ’ ಅನ್ನುವ ಕಾಗದ. ಬಿಲ್ ಆಫ್ ಸಪ್ಲೈ ಅಂದರೆ ‘ಮಾಲು ಮಾರಿದ್ದೇನೆ, ಬೆಲೆ ಇಷ್ಟು, ಗಿರಾಕಿಯಿಂದ ತೆರಿಗೆ ತೆಗೆದುಕೊಂಡಿಲ್ಲ’ ಅನ್ನುವ ಕಾಗದ. ರಸೀದಿ ಮಾರಾಟದ ಮಾತನ್ನೇ ಆಡುವುದಿಲ್ಲ. ‘ದುಡ್ಡು ಕೈಗೆ ಬಂತು’ ಅನ್ನುತ್ತದೆ, ಅಷ್ಟೇ. ಮೊದಲಿನ ಎರಡು ಒಂದೇ ಜಾಗಕ್ಕೆ ಬರುವ ಕಾಗದಗಳು. ಒಂದು ಮಾರಾಟಕ್ಕೆ ಅದು ಇಲ್ಲವೇ ಇದು. ರಸೀದಿ ಹಾಗಲ್ಲ, ಎರಡರ ಜೊತೆಗೂ ಇರಬಹುದು.

ಇದನ್ನು ಇಟ್ಟುಕೊಂಡು ನನ್ನ ಮೇಜಿನ ಮೇಲೆ ಬಂದ ಒಂದು ಪ್ರಕರಣ ಹೇಳುತ್ತೇನೆ. ಹೆಸರು, ಊರು ಬೇಡ. ಇಬ್ಬರೂ ಒಳ್ಳೆಯವರು, ಇಬ್ಬರಿಗೂ ಮೋಸ ಮಾಡುವ ಉದ್ದೇಶ ಇರಲಿಲ್ಲ.

ನಾನು ಲೆಕ್ಕ ಬರೆಯುವ ಬಟ್ಟೆ ಅಂಗಡಿಯ ಮಾಲೀಕರೊಬ್ಬರು ಸೀರೆ ಜೋಡಿಸಲು ಕಬ್ಬಿಣದ ರ‍್ಯಾಕ್ ಮಾಡಿಸಿದರು. ಮಾಡಿಕೊಟ್ಟವರು ಒಂದು ವೆಲ್ಡಿಂಗ್ ವರ್ಕ್‌ಶಾಪಿನವರು. ಮಾತಾದದ್ದು 50,000 ರೂಪಾಯಿ, ಜೊತೆಗೆ ಜಿಎಸ್‌ಟಿ. ಮೊದಲೇ 20,000 ಅಡ್ವಾನ್ಸ್ ಕೊಟ್ಟರು, ಅದಕ್ಕೆ ಒಂದು ರಸೀದಿ ಬಂತು. ಮೂರು ವಾರದ ಮೇಲೆ ರ‍್ಯಾಕ್ ಬಂತು, ಬಿಲ್ಲೂ ಬಂತು. ಮೇಲೆ ‘ಟ್ಯಾಕ್ಸ್ ಇನ್‌ವಾಯ್ಸ್’ ಅಂತ ಅಚ್ಚು. ವರ್ಕ್‌ಶಾಪಿನ ಜಿಎಸ್‌ಟಿ ನಂಬರ್ ಇತ್ತು. ಬೆಲೆ 50,000. ಸಿಜಿಎಸ್‌ಟಿ ಶೇ. 9ರಂತೆ 4,500. ಎಸ್‌ಜಿಎಸ್‌ಟಿ ಶೇ. 9ರಂತೆ 4,500. ಒಟ್ಟು 59,000. ಬಾಕಿ 39,000. ‘ಮುಂದಿನ ತಿಂಗಳು ಕೊಡುತ್ತೇನೆ’ ಅಂತ ಬಟ್ಟೆ ಅಂಗಡಿಯವರು ಹೇಳಿದರು, ವರ್ಕ್‌ಶಾಪಿನವರು ಒಪ್ಪಿದರು.

ಬಿಲ್ ನನ್ನ ಕೈಗೆ ಬಂದಾಗ ಬರೆದದ್ದೆಲ್ಲ ಸರಿಯಾಗಿಯೇ ಕಾಣುತ್ತಿತ್ತು. ಕೂಡಿದ್ದು ಸರಿ, ತೆರಿಗೆಯ ದರ ಸರಿ, ನಂಬರ್ ಸರಿ. ಮರುತಿಂಗಳು 14ನೇ ತಾರೀಕು ದಾಟಿದ ಮೇಲೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ನಮ್ಮ ಅಂಗಡಿಯ GSTR-2B ತೆಗೆದು ನೋಡಿದೆ. ನಮಗೆ ಮಾಲು ಕೊಟ್ಟವರು ತಮ್ಮ ರಿಟರ್ನ್‌ನಲ್ಲಿ ತೋರಿಸಿದ ಬಿಲ್ಲುಗಳೆಲ್ಲ ಅದರಲ್ಲಿ ಪಟ್ಟಿಯಾಗಿ ಬರುತ್ತವೆ. ಸೀರೆ ಸಗಟು ಅಂಗಡಿಯ ಬಿಲ್ ಇತ್ತು, ಕವರ್ ಕೊಟ್ಟವರ ಬಿಲ್ ಇತ್ತು. ರ‍್ಯಾಕಿನ ಬಿಲ್ ಇರಲಿಲ್ಲ.

ಬಿಲ್ 2Bಯಲ್ಲಿ ಬರದಿದ್ದರೆ ಹೆಚ್ಚಿನ ಸಲ ಕಾರಣ ಸುಲಭದ್ದು. ಕೊಟ್ಟವರು ರಿಟರ್ನ್ ತಡಮಾಡಿರುತ್ತಾರೆ, ಇಲ್ಲವೇ ಮೂರು ತಿಂಗಳಿಗೊಮ್ಮೆ ಸಲ್ಲಿಸುವವರಾಗಿರುತ್ತಾರೆ. ನಾನೂ ಹಾಗೇ ಅಂದುಕೊಂಡೆ. ಆದರೂ ಒಮ್ಮೆ ನೋಡೋಣ ಅಂತ ಪೋರ್ಟಲ್‌ನ Search Taxpayer ಪುಟದಲ್ಲಿ ವರ್ಕ್‌ಶಾಪಿನ ನಂಬರ್ ಹಾಕಿದೆ. ಅದಕ್ಕೆ ಲಾಗಿನ್ ಏನೂ ಬೇಡ, ಯಾರು ಬೇಕಾದರೂ ನೋಡಬಹುದು. ವ್ಯಾಪಾರದ ಹೆಸರು ಬಂತು, ನೋಂದಣಿ ಚಾಲ್ತಿಯಲ್ಲಿದೆ ಅಂತ ಬಂತು. Taxpayer Type ಅನ್ನುವ ಸಾಲಿನ ಮುಂದೆ Composition ಅಂತ ಇತ್ತು.

ಅಲ್ಲಿಗೆ ಗೊತ್ತಾಯಿತು. ಈ ಬಿಲ್ ಮುಂದಿನ ತಿಂಗಳೂ ಬರುವುದಿಲ್ಲ, ಯಾವತ್ತೂ ಬರುವುದಿಲ್ಲ.

ಕಾಂಪೋಸಿಷನ್ ಅಂದರೇನು ಅಂತ ಇಲ್ಲಿ ನಿಂತು ಹೇಳಬೇಕು. ಇಲ್ಲದಿದ್ದರೆ ಮುಂದಿನದ್ದು ಅರ್ಥವಾಗುವುದಿಲ್ಲ. ಜಿಎಸ್‌ಟಿ ನಂಬರ್ ಇರುವವರಲ್ಲಿ ಎರಡು ಮುಖ್ಯ ಬಗೆ. ಒಂದು ರೆಗ್ಯುಲರ್. ಇವರು ಗಿರಾಕಿಯಿಂದ ಪೂರ್ತಿ ತೆರಿಗೆ ವಸೂಲು ಮಾಡುತ್ತಾರೆ. ತಾವು ಮಾಲು ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಅದರಲ್ಲಿ ಕಳೆದು ಉಳಿದದ್ದನ್ನು ಸರ್ಕಾರಕ್ಕೆ ಕಟ್ಟುತ್ತಾರೆ. ಹೀಗೆ ಕಳೆದುಕೊಳ್ಳುವುದಕ್ಕೇ ನಾವು ‘ಇನ್‌ಪುಟ್ ತಗೊಳ್ಳೋದು’ ಅನ್ನುವುದು. ಇನ್ನೊಂದು ಕಾಂಪೋಸಿಷನ್. ಮಾಲಿನ ವ್ಯಾಪಾರದಲ್ಲಿ ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಒಂದೂವರೆ ಕೋಟಿವರೆಗಿನ ವಹಿವಾಟಿನವರು ಇದಕ್ಕೆ ಸೇರಬಹುದು. ಅಂಗಡಿಯವರು, ತಯಾರಿಸುವವರು ವಹಿವಾಟಿನ ಶೇ. 1 ಕಟ್ಟಿದರೆ ಸಾಕು. ಹೋಟೆಲಿನವರಿಗೆ ಶೇ. 5. ಲೆಕ್ಕ ಹಗುರ, ರಿಟರ್ನ್ ಕಡಿಮೆ.

ಆ ಹಗುರಕ್ಕೆ ಎರಡು ಷರತ್ತು ಇವೆ. ಗಿರಾಕಿಯಿಂದ ತೆರಿಗೆ ಅಂತ ಒಂದು ರೂಪಾಯಿಯನ್ನೂ ಬೇರೆಯಾಗಿ ತೆಗೆದುಕೊಳ್ಳುವಂತಿಲ್ಲ. ತಾನು ಕೊಂಡದ್ದರ ಮೇಲೆ ಇನ್‌ಪುಟ್ ತಗೊಳ್ಳುವಂತೆಯೂ ಇಲ್ಲ. ತೆರಿಗೆ ತೆಗೆದುಕೊಳ್ಳುವಂತಿಲ್ಲ ಅಂದಮೇಲೆ ಟ್ಯಾಕ್ಸ್ ಇನ್‌ವಾಯ್ಸ್ ಬರೆಯುವಂತೆಯೂ ಇಲ್ಲ. ಅವರು ಕೊಡಬೇಕಾದದ್ದು ಬಿಲ್ ಆಫ್ ಸಪ್ಲೈ. ಅದರ ತಲೆಯಲ್ಲಿ ‘ಕಾಂಪೋಸಿಷನ್ ಟ್ಯಾಕ್ಸೆಬಲ್ ಪರ್ಸನ್, ನಾಟ್ ಎಲಿಜಿಬಲ್ ಟು ಕಲೆಕ್ಟ್ ಟ್ಯಾಕ್ಸ್ ಆನ್ ಸಪ್ಲೈಸ್’ ಅನ್ನುವ ಸಾಲು ಇರಲೇಬೇಕು. ‘ನಾನು ಕಾಂಪೋಸಿಷನ್‌ನವನು, ಮಾರಾಟದ ಮೇಲೆ ತೆರಿಗೆ ವಸೂಲು ಮಾಡುವ ಹಕ್ಕು ನನಗಿಲ್ಲ’ ಅಂತ ಅದರ ಅರ್ಥ. ಗಿರಾಕಿಗೆ ಗೊತ್ತಾಗಲಿ ಅಂತಲೇ ಆ ಸಾಲು ಇಟ್ಟಿರುವುದು.

ಇನ್ನೊಂದು ಮಾತು. ಜಿಎಸ್‌ಟಿ ನಂಬರ್ ಹದಿನೈದು ಅಕ್ಷರ, ನಮ್ಮ ರಾಜ್ಯದ್ದು 29ರಿಂದ ಶುರು. ರೆಗ್ಯುಲರ್‌ನವರಿಗೂ ಕಾಂಪೋಸಿಷನ್‌ನವರಿಗೂ ನಂಬರ್ ಒಂದೇ ಥರ ಇರುತ್ತದೆ. ನಂಬರ್ ನೋಡಿ ಯಾರು ಏನು ಅಂತ ಹೇಳಲು ಆಗುವುದಿಲ್ಲ. ‘ಬಿಲ್ಲಿನ ಮೇಲೆ ಜಿಎಸ್‌ಟಿ ನಂಬರ್ ಇದೆಯಲ್ಲ, ಹಾಗಾದರೆ ಇನ್‌ಪುಟ್ ಸಿಗುತ್ತೆ’ ಅಂತ ಬಹಳ ಜನ ನಂಬಿದ್ದಾರೆ. ಅದು ತಪ್ಪು. ಬಿಲ್ ಆಫ್ ಸಪ್ಲೈ ಮೇಲೂ ನಂಬರ್ ಇರಬೇಕು, ಇರುತ್ತದೆ.

ಸರಿ, ರ‍್ಯಾಕಿಗೆ ವಾಪಸ್ ಬರೋಣ. ವರ್ಕ್‌ಶಾಪಿನವರಿಗೆ ಫೋನ್ ಮಾಡಿದೆ. ‘ಹೌದು ಸಾರ್, ಏಪ್ರಿಲ್‌ನಿಂದ ಕಾಂಪೋಸಿಷನ್‌ಗೆ ಹೋಗಿದ್ದೀನಿ. ನಮ್ಮ ಆಡಿಟರ್ ಮಾಡಿಕೊಟ್ಟರು’ ಅಂದರು. ‘ಮತ್ತೆ ಬಿಲ್ ಬುಕ್?’ ಅಂದೆ. ‘ಬುಕ್ ಹಳೇದೇ ಇತ್ತು, ಇನ್ನೂ ಅರ್ಧ ಖಾಲಿ ಇತ್ತಲ್ಲ, ಸುಮ್ನೆ ಯಾಕೆ ಹಾಳು ಮಾಡೋದು ಅಂತ ಅದರಲ್ಲೇ ಬರೆದೆ’ ಅಂದರು. ಬುಕ್ಕಿನಲ್ಲಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಕಾಲಂ ಅಚ್ಚಾಗಿತ್ತು. ಕಾಲಂ ಖಾಲಿ ಬಿಡುವುದು ಹೇಗೆ ಅಂತ ತುಂಬಿದ್ದರು. ನಡೆದದ್ದು ಇಷ್ಟೇ.

ಇಲ್ಲಿ ನಷ್ಟ ಯಾರಿಗೆ ಅಂತ ನೋಡಿ. ಬಟ್ಟೆ ಅಂಗಡಿಯವರು ರೆಗ್ಯುಲರ್. 59,000 ಕೊಟ್ಟರೂ 9,000 ಇನ್‌ಪುಟ್ ಆಗಿ ಬರುತ್ತದೆ, ರ‍್ಯಾಕ್ ತಮಗೆ 50,000ಕ್ಕೆ ಬಿತ್ತು ಅನ್ನುವುದು ಅವರ ಲೆಕ್ಕ. ಈಗ ಆ 9,000 ಬರುವುದಿಲ್ಲ. ವರ್ಕ್‌ಶಾಪಿನವರ ಪಾಡು ಅದಕ್ಕಿಂತ ಕೆಟ್ಟದ್ದು. ತೆರಿಗೆ ಅಂತ ಹೇಳಿ ವಸೂಲು ಮಾಡಿದ ದುಡ್ಡನ್ನು, ವಸೂಲು ಮಾಡುವ ಹಕ್ಕು ಇರಲಿ ಬಿಡಲಿ, ಸರ್ಕಾರಕ್ಕೆ ಕಟ್ಟಲೇಬೇಕು. ಜಿಎಸ್‌ಟಿ ಕಾಯ್ದೆಯ 76ನೇ ಸೆಕ್ಷನ್ ಇದನ್ನೇ ಹೇಳುತ್ತದೆ. ತಪ್ಪು ಬಿಲ್ ಕೊಟ್ಟದ್ದಕ್ಕೆ 122ನೇ ಸೆಕ್ಷನ್‌ನಲ್ಲಿ 10,000 ರೂಪಾಯಿ ಅಥವಾ ತೆರಿಗೆಯಷ್ಟು, ಯಾವುದು ಹೆಚ್ಚೋ ಅಷ್ಟು ದಂಡ ಹಾಕಲು ಅವಕಾಶವಿದೆ.

ಅವರನ್ನು ಉಳಿಸಿದ್ದು ಆ ಚಿಕ್ಕ ರಸೀದಿ. 20,000 ಅಡ್ವಾನ್ಸಿನ ರಸೀದಿಯಲ್ಲಿ ‘ರ‍್ಯಾಕ್ ಬೆಲೆಯ ಬಾಬ್ತು ಮುಂಗಡ’ ಅಂತ ತಾರೀಕು ಹಾಕಿ ಬರೆದಿದ್ದರು. ಬಾಕಿ 39,000 ಇನ್ನೂ ಕೊಟ್ಟಿರಲಿಲ್ಲ. ಅಂದರೆ ತೆರಿಗೆಯ 9,000 ಬಿಲ್ಲಿನಲ್ಲಿ ಬರೆದಿತ್ತೇ ಹೊರತು ಕೈಗೆ ಬಂದಿರಲಿಲ್ಲ. ಏನು ಮಾರಿದ್ದು ಅಂತ ಬಿಲ್ ಹೇಳುತ್ತಿತ್ತು, ಎಷ್ಟು ಬಂದಿದೆ ಅಂತ ರಸೀದಿ ಹೇಳುತ್ತಿತ್ತು. ಎರಡನ್ನೂ ಪಕ್ಕದಲ್ಲಿಟ್ಟಾಗ ಸರಿಪಡಿಸಲು ಇನ್ನೂ ಹೊತ್ತು ಮೀರಿಲ್ಲ ಅಂತ ಕಂಡಿತು. ಪೂರ್ತಿ ದುಡ್ಡು ಕೊಟ್ಟಾಗಿದ್ದರೆ ನಾನು ‘ಮೊದಲು 9,000 ಕಟ್ಟಿಬಿಡಿ’ ಅನ್ನದೆ ಬೇರೆ ದಾರಿ ಇರಲಿಲ್ಲ.

ಇಬ್ಬರನ್ನೂ ಕೂರಿಸಿಕೊಂಡು ಲೆಕ್ಕ ಹಾಕಿದೆವು. ವರ್ಕ್‌ಶಾಪಿನವರು ರ‍್ಯಾಕಿಗೆ ತಂದ ಕಬ್ಬಿಣ 30,000, ಅದರ ಮೇಲೆ ಶೇ. 18 ಅಂದರೆ 5,400 ತೆರಿಗೆ. ಹಿಂದಿನ ವರ್ಷ ಅವರು ರೆಗ್ಯುಲರ್ ಆಗಿದ್ದಾಗ ಆ 5,400 ಇನ್‌ಪುಟ್ ಆಗಿ ಬರುತ್ತಿತ್ತು, ಹಾಗಾಗಿ ಕಬ್ಬಿಣ ಅವರಿಗೆ 30,000ಕ್ಕೇ ಬೀಳುತ್ತಿತ್ತು. ಈಗ ಬರುವುದಿಲ್ಲ, 35,400ಕ್ಕೆ ಬೀಳುತ್ತದೆ. ಹಳೇ ಬೆಲೆಗೇ ಮಾತಾಡಿದ್ದರು. ಬರೀ 50,000ಕ್ಕೆ ಬಿಲ್ ಆಫ್ ಸಪ್ಲೈ ಬರೆದರೆ ಅವರ ಕೂಲಿಯಲ್ಲೇ 5,400 ಹೋಗುತ್ತದೆ. ಕೊನೆಗೆ ಬೆಲೆ 53,000 ಅಂತ ಇಬ್ಬರೂ ಒಪ್ಪಿದರು. ಬಟ್ಟೆ ಅಂಗಡಿಯವರಿಗೆ ಅಂದುಕೊಂಡದ್ದಕ್ಕಿಂತ 3,000 ಜಾಸ್ತಿ ಬಿತ್ತು. ವರ್ಕ್‌ಶಾಪಿನವರಿಗೆ 53,000ದಲ್ಲಿ ಕಬ್ಬಿಣದ 35,400 ಕಳೆದು, ಶೇ. 1ರ ತೆರಿಗೆ 530 ಕಳೆದು, 17,070 ಉಳಿಯಿತು. ರೆಗ್ಯುಲರ್ ಆಗಿದ್ದರೆ 20,000 ಉಳಿಯುತ್ತಿತ್ತು. ಅವರಿಗೂ ಹತ್ತಿರ ಹತ್ತಿರ 3,000 ಹೋಯಿತು.

ಆ ತಪ್ಪು ಬಿಲ್ಲಿನ ಗಿರಾಕಿಯ ಪ್ರತಿಯನ್ನು ವಾಪಸ್ ತರಿಸಿ, ಎಲ್ಲ ಪ್ರತಿಗಳ ಮೇಲೂ ಅಡ್ಡ ಗೆರೆ ಎಳೆದು ‘ಕ್ಯಾನ್ಸಲ್’ ಅಂತ ಬರೆದು ಬುಕ್ಕಿನಲ್ಲೇ ಪಿನ್ ಹಾಕಿಸಿದೆ. ಹರಿದು ಬಿಸಾಡಲು ಬಿಡಲಿಲ್ಲ. ನಂಬರ್ ಸಾಲಾಗಿ ಇರಬೇಕು. 41 ಆದಮೇಲೆ 43 ಬಂದರೆ, 42 ಎಲ್ಲಿ ಹೋಯಿತು ಅಂತ ನಾಳೆ ಯಾರಾದರೂ ಕೇಳುತ್ತಾರೆ. ಆಮೇಲೆ 53,000ಕ್ಕೆ ಹೊಸ ಬಿಲ್ ಆಫ್ ಸಪ್ಲೈ ಬಂತು, ಬಾಕಿ 33,000 ಬ್ಯಾಂಕಿಗೆ ಹೋಯಿತು, ಅದಕ್ಕೆ ಇನ್ನೊಂದು ರಸೀದಿ ಬಂತು.

ಈ ಪ್ರಕರಣದಿಂದ ಹುಟ್ಟುವ ಒಂದು ವ್ಯಾಪಾರದ ಮಾತಿದೆ. ಬೆಲೆ ಮಾತಾಡುವಾಗ ಗಿರಾಕಿ ಯಾರು ಅನ್ನುವುದು ಮುಖ್ಯ. ಒಬ್ಬರು 50,000 ಮತ್ತು ಜಿಎಸ್‌ಟಿ, ಒಟ್ಟು 59,000 ಅನ್ನುತ್ತಾರೆ, ಟ್ಯಾಕ್ಸ್ ಇನ್‌ವಾಯ್ಸ್ ಕೊಡುತ್ತಾರೆ. ಇನ್ನೊಬ್ಬರು ಕಾಂಪೋಸಿಷನ್‌ನವರು, 54,000 ಅನ್ನುತ್ತಾರೆ, ಬಿಲ್ ಆಫ್ ಸಪ್ಲೈ ಕೊಡುತ್ತಾರೆ. ಮನೆಗೆ ರ‍್ಯಾಕ್ ಮಾಡಿಸುವವರಿಗೆ 54,000ವೇ ಅಗ್ಗ. ಅವರಿಗೆ ಇನ್‌ಪುಟ್ ಅನ್ನುವುದೇ ಇಲ್ಲ. ರೆಗ್ಯುಲರ್ ಅಂಗಡಿಯವರಿಗೆ 59,000ವೇ ಅಗ್ಗ, ಯಾಕೆಂದರೆ ಅದರಲ್ಲಿ 9,000 ತಿರುಗಿ ಬರುತ್ತದೆ. ಮನೆಗಳಿಗೆ ಮಾರುವವರಿಗೆ ಕಾಂಪೋಸಿಷನ್ ಹೊಂದುತ್ತದೆ. ಅಂಗಡಿ, ಕಂಪನಿಗಳಿಗೆ ಮಾರುವವರು ಅದಕ್ಕೆ ಹೋದರೆ ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಕಡೆ ಹೋಗುತ್ತಾರೆ. ಕಾಂಪೋಸಿಷನ್‌ಗೆ ಸೇರುವ ಮುಂಚೆ ಹಿಂದಿನ ವರ್ಷದ ಬಿಲ್ ಬುಕ್ ತೆಗೆದು, ಎಷ್ಟು ಬಿಲ್ಲಿನಲ್ಲಿ ಗಿರಾಕಿಯ ಜಿಎಸ್‌ಟಿ ನಂಬರ್ ಬರೆದಿದ್ದೀರಿ ಅಂತ ಎಣಿಸಿ. ನಾನಂತೂ ಎಣಿಸದೆ ಯಾರನ್ನೂ ಸೇರಿಸುವುದಿಲ್ಲ.

ಕಾಂಪೋಸಿಷನ್‌ನವರು ಮಾಡುವ ಇನ್ನೊಂದು ತಪ್ಪನ್ನೂ ಇಲ್ಲೇ ಹೇಳುತ್ತೇನೆ. ‘ನಾನು ಶೇ. 1 ಕಟ್ಟಬೇಕಲ್ಲ, ಅದನ್ನು ಗಿರಾಕಿಯ ಬಿಲ್ಲಿನಲ್ಲಿ ಸೇರಿಸುತ್ತೇನೆ’ ಅಂತ ಕೊನೆಯಲ್ಲಿ ‘ಜಿಎಸ್‌ಟಿ 1%’ ಅಂತ ಒಂದು ಸಾಲು ಬರೆಯುತ್ತಾರೆ. ಅದೂ ತೆರಿಗೆ ವಸೂಲು ಮಾಡಿದಂತೆಯೇ. ಆ ಶೇ. 1 ನಿಮ್ಮ ಜೇಬಿನದ್ದು. ಬೆಲೆ ಇಡುವಾಗಲೇ ಅದನ್ನು ಒಳಗೆ ಸೇರಿಸಿಕೊಳ್ಳಿ, ಬಿಲ್ಲಿನಲ್ಲಿ ತೆರಿಗೆ ಅನ್ನುವ ಪದವೇ ಬೇಡ.

ಬಿಲ್ ಆಫ್ ಸಪ್ಲೈ ಬರೀ ಕಾಂಪೋಸಿಷನ್‌ನವರದ್ದಲ್ಲ. ತೆರಿಗೆಯೇ ಇಲ್ಲದ ಮಾಲು ಮಾರುವ ರೆಗ್ಯುಲರ್‌ನವರೂ ಅದನ್ನೇ ಕೊಡಬೇಕು. ಸ್ಟೇಷನರಿ ಅಂಗಡಿಯವರು ಇಲ್ಲಿ ಇದ್ದೀರಿ, ನಿಮ್ಮದೇ ಒಳ್ಳೆಯ ಉದಾಹರಣೆ. 2025ರ ಸೆಪ್ಟೆಂಬರ್ 22ರಿಂದ ಶಾಲೆಯ ನೋಟ್‌ಬುಕ್ಕಿಗೆ, ಪೆನ್ಸಿಲಿಗೆ, ರಬ್ಬರಿಗೆ ತೆರಿಗೆ ಇಲ್ಲ. ಕ್ಯಾಲ್ಕುಲೇಟರಿಗೆ ಶೇ. 18 ಇದೆ. ಮಗುವಿನ ಜೊತೆ ಬಂದ ಅಪ್ಪ ಎರಡನ್ನೂ ಕೊಂಡರೆ ಎರಡು ಬಿಲ್ ಬರೆಯಬೇಕಾ? ಬೇಡ. ನೋಂದಣಿ ಇಲ್ಲದ ಗಿರಾಕಿಗೆ ‘ಇನ್‌ವಾಯ್ಸ್ ಕಮ್ ಬಿಲ್ ಆಫ್ ಸಪ್ಲೈ’ ಅಂತ ಒಂದೇ ಕಾಗದ ಕೊಡಲು ನಿಯಮ 46ಎ ಅವಕಾಶ ಕೊಟ್ಟಿದೆ. ಅದೇ ಮಾಲನ್ನು ಜಿಎಸ್‌ಟಿ ನಂಬರ್ ಇರುವ ಅಂಗಡಿಯವರು ಕೊಂಡರೆ ಮಾತ್ರ ಬೇರೆ ಬೇರೆ ಬರೆಯಿರಿ. ಕ್ಯಾಲ್ಕುಲೇಟರಿಗೆ ಟ್ಯಾಕ್ಸ್ ಇನ್‌ವಾಯ್ಸ್, ನೋಟ್‌ಬುಕ್ಕಿಗೆ ಬಿಲ್ ಆಫ್ ಸಪ್ಲೈ. ಇನ್ನು 200 ರೂಪಾಯಿಗಿಂತ ಕಡಿಮೆಯ ಚಿಲ್ಲರೆ ಮಾರಾಟಕ್ಕೆ, ಗಿರಾಕಿಗೆ ನೋಂದಣಿ ಇಲ್ಲದೆ ಅವರು ಬಿಲ್ ಕೇಳದಿದ್ದರೆ, ಒಂದೊಂದಕ್ಕೂ ಬರೆಯಬೇಕಿಲ್ಲ. ಸಂಜೆ ಬಾಗಿಲು ಹಾಕುವ ಮುಂಚೆ ದಿನದ ಎಲ್ಲದಕ್ಕೂ ಸೇರಿಸಿ ಒಂದು ಬರೆದರಾಯಿತು.

ಈಗ ರಸೀದಿ. ಇದನ್ನು ನಾವು ಬಹಳ ಹಗುರವಾಗಿ ತೆಗೆದುಕೊಂಡಿದ್ದೇವೆ.

ಮಾಲಿನ ವ್ಯಾಪಾರದಲ್ಲಿ ಇನ್‌ವಾಯ್ಸ್ ಬರೆಯಬೇಕಾದದ್ದು ಮಾಲು ಅಂಗಡಿಯಿಂದ ಹೊರಡುವಾಗ ಅಥವಾ ಅದಕ್ಕೂ ಮುಂಚೆ. ದುಡ್ಡು ಬಂದಾಗ ಅಲ್ಲ. ಇದೊಂದನ್ನು ಎಷ್ಟು ಸಲ ಹೇಳಿದರೂ ‘ಪಾರ್ಟಿ ಇನ್ನೂ ದುಡ್ಡು ಕೊಟ್ಟಿಲ್ಲ ಸಾರ್, ಅದಕ್ಕೇ ಬಿಲ್ ಹಾಕಿಲ್ಲ’ ಅನ್ನುವ ಮಾತು ಕೇಳುತ್ತಲೇ ಇರುತ್ತೇನೆ. ಮಾರ್ಚ್‌ನಲ್ಲಿ ಮಾಲು ಹೋಗಿದ್ದರೆ ಇನ್‌ವಾಯ್ಸ್ ಮಾರ್ಚ್‌ದ್ದೇ, ತೆರಿಗೆಯೂ ಮಾರ್ಚ್ ಲೆಕ್ಕಕ್ಕೇ. ದುಡ್ಡು ಜೂನ್‌ನಲ್ಲಿ ಬಂದರೆ ಜೂನ್ ತಾರೀಕಿನ ರಸೀದಿ. ಗಿರಾಕಿ ತಡಮಾಡಿದರೆ ತೆರಿಗೆ ನಿಮ್ಮ ಕೈಯಿಂದ ಮುಂಚೆಯೇ ಹೋಗುತ್ತದೆ. ಕಷ್ಟವೇ, ಒಪ್ಪುತ್ತೇನೆ. ಉದ್ದರಿ ಕೊಡುವ ಮುಂಚೆ ಅದನ್ನೂ ಲೆಕ್ಕ ಹಾಕಿಕೊಳ್ಳಬೇಕು. ಸೇವೆ ಕೊಡುವವರಿಗೆ, ಅಂದರೆ ರಿಪೇರಿ, ಫೋಟೊ, ಡಿಸೈನ್ ಕೆಲಸದವರಿಗೆ, ಸಾಮಾನ್ಯವಾಗಿ ಕೆಲಸ ಮುಗಿದು 30 ದಿನದೊಳಗೆ ಇನ್‌ವಾಯ್ಸ್ ಬರೆಯಲು ಸಮಯವಿದೆ.

ಆದರೆ ಅದೇ ಸೇವೆಯವರಿಗೆ ಅಡ್ವಾನ್ಸ್ ವಿಷಯದಲ್ಲಿ ಎಚ್ಚರ ಬೇಕು. ಮಾಲಿಗೆ ಪಡೆದ ಅಡ್ವಾನ್ಸ್ ಮೇಲೆ ರೆಗ್ಯುಲರ್‌ನವರು ಆಗಲೇ ತೆರಿಗೆ ಕಟ್ಟಬೇಕಿಲ್ಲ. 2017ರ ನವೆಂಬರ್‌ನಿಂದ ಆ ರಿಯಾಯಿತಿ ಇದೆ. ಸೇವೆಗೆ ಇಲ್ಲ. ಮದುವೆ ಫೋಟೊ ತೆಗೆಯುವ, ರೆಗ್ಯುಲರ್ ನೋಂದಣಿ ಇರುವ ಒಬ್ಬರು 11,800 ಅಡ್ವಾನ್ಸ್ ತಗೊಂಡರು ಅನ್ನಿ. ದರ ಶೇ. 18. ಆ 11,800ರ ಒಳಗೇ 1,800 ತೆರಿಗೆ ಇದೆ, ಮದುವೆ ಆರು ತಿಂಗಳ ಆಚೆಗಿದ್ದರೂ ತೆರಿಗೆ ಅಡ್ವಾನ್ಸ್ ಬಂದ ಲೆಕ್ಕಕ್ಕೇ ಸೇರುತ್ತದೆ. ಇದಕ್ಕೆ ಕೊಡುವುದು ‘ರಿಸೀಟ್ ವೋಚರ್’. ಹೆಸರು ರಸೀದಿಯದ್ದೇ, ಆದರೆ ಸಾಲಾಗಿ ನಂಬರ್, ಜಿಎಸ್‌ಟಿ ನಂಬರ್, ಅಡ್ವಾನ್ಸ್ ಎಷ್ಟು, ತೆರಿಗೆ ಎಷ್ಟು ಎಲ್ಲ ಬರೆಯಬೇಕು. ಕೆಲಸ ಮುಗಿದಮೇಲೆ ಪೂರ್ತಿ ಮೊತ್ತಕ್ಕೆ ಇನ್‌ವಾಯ್ಸ್ ಬರೆದು ಮುಂಚೆ ಕಟ್ಟಿದ 1,800 ಅದರಲ್ಲಿ ಕಳೆಯಬೇಕು. ಮದುವೆ ಮುಂದೆ ಹೋಗಿ ಕೆಲಸವೇ ರದ್ದಾಗಿ ದುಡ್ಡು ವಾಪಸ್ ಕೊಟ್ಟರೆ ‘ರಿಫಂಡ್ ವೋಚರ್’. ಗಿರಾಕಿ ರಿಸೀಟ್ ವೋಚರ್ ಹಿಡಿದುಕೊಂಡು ಇನ್‌ಪುಟ್ ಕೇಳಲು ಆಗುವುದಿಲ್ಲ. ಅದಕ್ಕೆ ಇನ್‌ವಾಯ್ಸೇ ಬೇಕು.

ಸಾಮಾನ್ಯ ರಸೀದಿಗೆ ಬಂದರೆ, ಅದರಲ್ಲಿ ಯಾವ ಬಿಲ್ ನಂಬರಿನ ದುಡ್ಡು ಅಂತ ಬರೆಯಿರಿ. ‘ಬಾಬ್ತು: ಬಿಲ್ ನಂ. 87’. ಈ ಒಂದು ಸಾಲು ಇಲ್ಲದ ರಸೀದಿ ಅರ್ಧ ರಸೀದಿ. ಕೊಳ್ಳುವವರಿಗೂ ಇದು ಬೇಕು. ಇನ್‌ವಾಯ್ಸ್ ತಾರೀಕಿನಿಂದ 180 ದಿನದೊಳಗೆ ದುಡ್ಡು ಕೊಡದಿದ್ದರೆ ತಗೊಂಡ ಇನ್‌ಪುಟ್ ವಾಪಸ್ ಕಟ್ಟಬೇಕು. ಯಾವ ಬಿಲ್ಲಿಗೆ ಯಾವತ್ತು ಕೊಟ್ಟೆ ಅಂತ ತೋರಿಸಲು ಆಗ ರಸೀದಿ ಬೇಕಾಗುತ್ತದೆ. 5,000 ರೂಪಾಯಿ ದಾಟಿದ ನಗದು ರಸೀದಿಗೆ 1 ರೂಪಾಯಿಯ ರೆವಿನ್ಯೂ ಸ್ಟಾಂಪ್ ಹಚ್ಚಿ ಅದರ ಮೇಲೆ ಸಹಿ ಮಾಡುವುದು ಹಿರಿಯರಿಗೆಲ್ಲ ಗೊತ್ತಿದೆ. ಅದು ಜಿಎಸ್‌ಟಿಗೆ ಸೇರಿದ್ದಲ್ಲ, ಸ್ಟಾಂಪ್ ಕಾಯ್ದೆಯದ್ದು.

ಯುಪಿಐ ಬಂದಮೇಲೆ ‘ಫೋನಿನಲ್ಲೇ ಎಲ್ಲಾ ಇದೆ, ರಸೀದಿ ಯಾಕೆ, ಬಿಲ್ ಯಾಕೆ’ ಅನ್ನುತ್ತಾರೆ. ಫೋನಿನಲ್ಲಿ ಇರುವುದು ರಸೀದಿ ಮಾತ್ರ. ಇಷ್ಟು ದುಡ್ಡು ಇಷ್ಟು ಹೊತ್ತಿಗೆ ಬಂತು ಅಂತ ಅದು ಹೇಳುತ್ತದೆ. ಯಾಕೆ ಬಂತು ಅಂತ ಹೇಳುವುದಿಲ್ಲ. 2025ರ ಜುಲೈನಲ್ಲಿ ನಮ್ಮ ರಾಜ್ಯದಲ್ಲಿ ಏನಾಯಿತು ಅಂತ ನಿಮಗೆಲ್ಲ ನೆನಪಿದೆ. ಯುಪಿಐಯಲ್ಲಿ ಬಂದ ದುಡ್ಡಿನ ಲೆಕ್ಕ ಇಟ್ಟುಕೊಂಡು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ಅಂಗಡಿಯವರಿಗೆ ನೋಟಿಸ್ ಕಳಿಸಿತು. ತರಕಾರಿ, ಹಾಲು ಮಾರುವವರಿಗೂ ಬಂತು. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ. ತೆರಿಗೆ ಇಲ್ಲದ ಮಾಲನ್ನು ಮಾತ್ರ ಮಾರುವವರು, ವಹಿವಾಟು ಎಷ್ಟೇ ಇರಲಿ, ನೋಂದಣಿ ಮಾಡಿಸಬೇಕಾಗಿಯೇ ಇಲ್ಲ. ಆದರೆ ಬ್ಯಾಂಕ್ ಲೆಕ್ಕದಲ್ಲಿ ಸೊಪ್ಪು ಮಾರಿದ 40 ರೂಪಾಯಿಯೂ ತಂಪು ಪಾನೀಯ ಮಾರಿದ 40 ರೂಪಾಯಿಯೂ ಒಂದೇ ಥರ ಕಾಣುತ್ತವೆ. ತಮ್ಮನಿಂದ ಬಂದ ಕೈಸಾಲವೂ ಹಾಗೇ ಕಾಣುತ್ತದೆ. ಆಗ ನಿಮ್ಮ ಪರವಾಗಿ ಮಾತಾಡಲು ಏನು ಮಾರಿದ್ದು ಅಂತ ಬರೆದ ಕಾಗದ ಬೇಕು. ದಿನಕ್ಕೊಂದು ಪುಟದ ನೋಟ್‌ಬುಕ್ ಆದರೂ ಸರಿ. ನೋಟಿಸ್ ಹಿಡಿದು ನನ್ನ ಹತ್ತಿರ ಬಂದವರಲ್ಲಿ ಆ ಪುಸ್ತಕ ಇದ್ದವರ ಉತ್ತರ ಬರೆಯುವುದು ಸುಲಭವಾಯಿತು. ಇಲ್ಲದವರ ಜೊತೆ ಕೂತು ಮಾಲು ತಂದ ಚೀಟಿಗಳನ್ನು ಹುಡುಕಿ ಹುಡುಕಿ ಲೆಕ್ಕ ಕಟ್ಟಬೇಕಾಯಿತು. ಅವರ ಮುಖ ನೋಡಲು ಆಗುತ್ತಿರಲಿಲ್ಲ.

ನೋಂದಣಿಯೇ ಇಲ್ಲದವರ ಮಾತು ಉಳಿಯಿತು. ನಮ್ಮ ರಾಜ್ಯದಲ್ಲಿ ಬರೀ ಮಾಲು ಮಾರುವವರಿಗೆ ಸಾಮಾನ್ಯವಾಗಿ ವರ್ಷಕ್ಕೆ 40 ಲಕ್ಷ, ಸೇವೆಯವರಿಗೆ 20 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ. ತೆರಿಗೆ ಇರುವ ಮಾಲು, ಇಲ್ಲದ ಮಾಲು ಎರಡನ್ನೂ ಮಾರುವವರು ಮಿತಿ ನೋಡುವಾಗ ಎರಡರ ವಹಿವಾಟನ್ನೂ ಕೂಡಬೇಕು. ನೋಂದಣಿ ಇಲ್ಲದವರು ಕೊಡುವುದು ಟ್ಯಾಕ್ಸ್ ಇನ್‌ವಾಯ್ಸೂ ಅಲ್ಲ, ಕಾನೂನಿನ ಬಿಲ್ ಆಫ್ ಸಪ್ಲೈಯೂ ಅಲ್ಲ. ಬರೀ ‘ಬಿಲ್’ ಅಥವಾ ‘ಕ್ಯಾಶ್ ಬಿಲ್’ ಅಂತ ಅಚ್ಚು ಹಾಕಿಸಿ, ಮಾಲು, ಬೆಲೆ, ತಾರೀಕು ಬರೆಯಿರಿ. ತೆರಿಗೆಯ ಕಾಲಂ ಇರುವ ಬುಕ್ಕನ್ನು ಪ್ರೆಸ್ಸಿನವರು ಅಗ್ಗಕ್ಕೆ ಕೊಡುತ್ತೇನೆ ಅಂದರೂ ಬೇಡ ಅನ್ನಿ. ನೋಂದಣಿ ಇಲ್ಲದೆ ತೆರಿಗೆ ವಸೂಲು ಮಾಡುವುದು ಕಾನೂನಿಗೆ ನೇರ ವಿರುದ್ಧ.

ಆ ವೆಲ್ಡಿಂಗ್ ವರ್ಕ್‌ಶಾಪಿನವರು ಮರುವಾರ ಹಳೇ ಬುಕ್ ಹಿಡಿದುಕೊಂಡು ನನ್ನ ಹತ್ತಿರ ಬಂದರು. ‘ಉಳಿದ ಹಾಳೆ ಏನು ಮಾಡಲಿ?’ ಅಂದರು. ಕೊನೆಯದಾಗಿ ಬರೆದ ಹಾಳೆಯ ಹಿಂದೆ ‘ಇಲ್ಲಿಗೆ ಮುಗಿಯಿತು’ ಅಂತ ಬರೆಸಿ ತಾರೀಕು ಹಾಕಿಸಿದೆ. ಉಳಿದ ಖಾಲಿ ಹಾಳೆಗಳ ಮೇಲೆ ಒಂದೊಂದಕ್ಕೂ ಅಡ್ಡ ಗೆರೆ ಎಳೆಸಿದೆ. ಏಪ್ರಿಲ್‌ನಿಂದ ಅದೇ ಬುಕ್ಕಿನಲ್ಲಿ ಬರೆದ ಬೇರೆ ಬಿಲ್ಲುಗಳನ್ನು ಇಬ್ಬರೂ ಕೂತು ತಿರುವಿದೆವು. ಇನ್ನೂ ಎರಡರಲ್ಲಿ ತೆರಿಗೆ ಬರೆದಿದ್ದರು, ಆ ಎರಡರ ದುಡ್ಡು ಪೂರ್ತಿ ಬಂದಿತ್ತು. ಆ ತೆರಿಗೆಯನ್ನು ಅವತ್ತೇ ಪೋರ್ಟಲ್‌ನಲ್ಲಿ DRC-03 ಅನ್ನುವ ಫಾರಂ ಮೂಲಕ ಕಟ್ಟಿಸಿದೆ. ಆಮೇಲೆ ಹೊಸ ಬುಕ್ಕಿಗೆ ಒಂದು ಹಾಳೆಯ ಮೇಲೆ ತಲೆಬರಹ, ಅದರ ಮೇಲೆ ಬರಬೇಕಾದ ಆ ಕಾಂಪೋಸಿಷನ್ ಸಾಲು, ಕೆಳಗೆ ಮಾಲು, ಸಂಖ್ಯೆ, ದರ, ಮೊತ್ತ ಅನ್ನುವ ನಾಲ್ಕು ಕಾಲಂ ಬರೆದು ಕೊಟ್ಟೆ. ಅದನ್ನು ಜೇಬಿಗೆ ಹಾಕಿಕೊಂಡು ಅವರು ಅಲ್ಲಿಂದ ನೇರ ಪ್ರೆಸ್ಸಿಗೆ ಹೋದರು.